ಹಸಿ ಕಡಲೆಹಿಟ್ಟು ಮತ್ತು ಹುರಿಗಡಲೆ ಹಿಟ್ಟು: ರುಚಿಯಲ್ಲೂ ಗಟ್ಟಿತನದಲ್ಲೂ ವ್ಯತ್ಯಾಸವೇಕೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಮನೆಗಳಲ್ಲಿ ಕಡಲೆಯಿಂದ ದೊರೆಯುವ ಎರಡು ಬಗೆಯ ಹಿಟ್ಟುಗಳು ನಿತ್ಯ ಬಳಕೆಯಲ್ಲಿವೆ. ಕಡಲೆಬೇಳೆಯನ್ನು ಹುರಿಯದೆ ಹಾಗೆಯೇ ಬೀಸಿದರೆ ಸಿಗುವುದು ಕಡಲೆಹಿಟ್ಟು. ನಮ್ಮ ಕಡೆ ಹುರಿಗಡಲೆ ಅಥವಾ ಕಡಲೆಪಪ್ಪು ಎಂದೂ, ಉತ್ತರ ಕರ್ನಾಟಕದಲ್ಲಿ ಪುಟಾಣಿ ಎಂದೂ ಕರೆಯುವ ಹುರಿದ ಕಡಲೆಯನ್ನು ಬೀಸಿದರೆ ಸಿಗುವುದು ಹುರಿಗಡಲೆ ಹಿಟ್ಟು. ಎರಡರ ಮೂಲವೂ ಒಂದೇ ಕಾಳು. ಆದರೆ ಸಾಗು, ಚಟ್ನಿ, ಬಜ್ಜಿ, ನಿಪ್ಪಟ್ಟು ಮೊದಲಾದವುಗಳಲ್ಲಿ ಒಂದರ ಬದಲು ಮತ್ತೊಂದನ್ನು ಅಷ್ಟೇ ತೂಕದಲ್ಲಿ ಬಳಸಿದಾಗ ಫಲಿತಾಂಶ ಪೂರ್ತಿ ಬೇರೆಯಾಗುತ್ತದೆ.

ಮನೆಯ ಅಡುಗೆಯಲ್ಲಿ ಈ ತಪ್ಪು ಒಂದು ಹೊತ್ತಿನ ಊಟಕ್ಕೆ ಸೀಮಿತ. ಸಾಗು ಪುಡಿ ಅಥವಾ ಕುರುಕಲು ತಿನಿಸು ತಯಾರಿಸಿ ಮಾರುವ ಸ್ವಸಹಾಯ ಸಂಘಕ್ಕೆ ಇದೇ ತಪ್ಪಿನಿಂದ ಇಡೀ ತಂಡದ ಮಾಲು ಹಿಂದಿರುಗಿ ಬರಬಹುದು. ಹುರಿಯುವುದರಿಂದ ಕಾಳಿನ ಒಳಗೆ ಏನು ಬದಲಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಯಾವ ಹಿಟ್ಟನ್ನು ಎಲ್ಲಿ, ಎಷ್ಟು ಬಳಸಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು.

ರಾಗಿ ಹಿಟ್ಟು ಮತ್ತು ಹುರಿಹಿಟ್ಟು: ತಿಳಿದಿರುವ ಉದಾಹರಣೆ

ಈ ವ್ಯತ್ಯಾಸದ ತತ್ವವನ್ನು ನಮ್ಮ ಜಿಲ್ಲೆಯ ರೈತ ಕುಟುಂಬಗಳು ರಾಗಿಯಲ್ಲಿ ಈಗಾಗಲೇ ಕಂಡಿವೆ. ಹಸಿ ರಾಗಿ ಹಿಟ್ಟನ್ನು ತಣ್ಣೀರಿಗೆ ಹಾಕಿ ಕಲಕಿದರೆ ಸ್ವಲ್ಪ ಹೊತ್ತಿನಲ್ಲಿ ಹಿಟ್ಟು ತಳಕ್ಕಿಳಿದು ನೀರು ತೆಳ್ಳಗೆ ಮೇಲೆ ನಿಲ್ಲುತ್ತದೆ. ಅದೇ ಹಿಟ್ಟನ್ನು ಕುದಿಸಿದರೆ ಅಂಬಲಿಯಾಗುತ್ತದೆ, ಇನ್ನೂ ಗಟ್ಟಿಗೊಳಿಸಿದರೆ ಮುದ್ದೆಯಾಗುತ್ತದೆ. ರಾಗಿಯ ಹುರಿಹಿಟ್ಟಿನ ಗುಣ ಬೇರೆ. ಅದನ್ನು ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಒಲೆಯ ಅಗತ್ಯವಿಲ್ಲದೆ ತಕ್ಷಣವೇ ಗಟ್ಟಿಯಾಗುತ್ತದೆ, ಹಾಗೆಯೇ ತಿನ್ನಲೂ ಬರುತ್ತದೆ.

ಹುರಿಹಿಟ್ಟಿಗೆ ರಾಗಿಯನ್ನು ನೀರು ಚಿಮುಕಿಸಿ ಹದಗೊಳಿಸಿ, ಅನಂತರ ಕಾದ ಮರಳಿನಲ್ಲಿ ಅರಳಿಸುತ್ತಾರೆ. ಕಾಳಿನೊಳಗಿನ ತೇವ ಮತ್ತು ಮರಳಿನ ಶಾಖ ಸೇರಿ ಹಿಟ್ಟಿನ ಅಂಶವನ್ನು ಕಾಳಿನೊಳಗೇ ಬಹುಮಟ್ಟಿಗೆ ಬೇಯಿಸಿಬಿಡುತ್ತವೆ. ಹುರಿಗಡಲೆಯಲ್ಲಿ ನಡೆಯುವುದೂ ಇದೇ ಕ್ರಿಯೆ.

ಹುರಿಗಡಲೆ ತಯಾರಾಗುವ ಬಗೆ

ಕಡಲೆ ನಮ್ಮ ಜಿಲ್ಲೆಯ ಮುಖ್ಯ ಬೆಳೆಯಲ್ಲ. ರಾಜ್ಯದಲ್ಲಿ ಇದನ್ನು ಹೆಚ್ಚಾಗಿ ಕಲಬುರಗಿ, ವಿಜಯಪುರ, ಗದಗ, ಧಾರವಾಡ ಮೊದಲಾದ ಜಿಲ್ಲೆಗಳ ಕಪ್ಪು ಮಣ್ಣಿನಲ್ಲಿ ಹಿಂಗಾರು ಬೆಳೆಯಾಗಿ ಬೆಳೆಯುತ್ತಾರೆ. ಹುರಿಯುವ ಭಟ್ಟಿಗಳಲ್ಲಿ ಇಡೀ ಕಾಳನ್ನು ಮೊದಲು ಸ್ವಲ್ಪ ಬಿಸಿ ಮಾಡಿ, ನೀರು ಚಿಮುಕಿಸಿ, ತೇವವು ಕಾಳಿನ ಒಳಕ್ಕೆ ಸಮನಾಗಿ ಇಳಿಯುವವರೆಗೆ ರಾಶಿ ಹಾಕಿ ಬಿಡುತ್ತಾರೆ. ಅನಂತರ ಚೆನ್ನಾಗಿ ಕಾದ ಮರಳಿನಲ್ಲಿ ಅಲ್ಪ ಕಾಲ ಹುರಿಯುತ್ತಾರೆ. ಆಗ ಒಳಗಿನ ತೇವ ಆವಿಯಾಗಿ ಹೊರಬರಲು ಯತ್ನಿಸುತ್ತದೆ. ಇದರಿಂದ ಬೇಳೆ ಉಬ್ಬುತ್ತದೆ ಮತ್ತು ಸಿಪ್ಪೆ ಸಡಿಲವಾಗುತ್ತದೆ. ಮರಳನ್ನು ಜರಡಿ ಹಿಡಿದು, ಕಾಳನ್ನು ಉಜ್ಜಿ ಸಿಪ್ಪೆ ಬೇರ್ಪಡಿಸಿದರೆ ಹುರಿಗಡಲೆ ಸಿದ್ಧ.

ಕಡಲೆಬೇಳೆಯನ್ನೂ ಹುರಿಗಡಲೆಯನ್ನೂ ಒಂದೊಂದು ಹಲ್ಲಿನಲ್ಲಿ ಕಡಿದು ನೋಡಿ. ಬೇಳೆ ಕಲ್ಲಿನಂತೆ ಗಟ್ಟಿ. ಹುರಿಗಡಲೆ ಸುಲಭವಾಗಿ ಪುಡಿಯಾಗುತ್ತದೆ. ಆವಿ ಹೊರಟ ಜಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು ಉಳಿದಿರುವುದೇ ಇದಕ್ಕೆ ಕಾರಣ. ಹುರಿಗಡಲೆಯನ್ನು ಮನೆಯ ಮಿಕ್ಸಿಯಲ್ಲಿಯೇ ನುಣ್ಣಗೆ ಪುಡಿ ಮಾಡಬಹುದು. ಕಡಲೆಬೇಳೆಯನ್ನು ನುಣ್ಣಗೆ ಮಾಡಲು ಹಿಟ್ಟಿನ ಮಿಲ್ಲಿಗೇ ಕೊಂಡೊಯ್ಯಬೇಕಾಗುತ್ತದೆ.

ಗಟ್ಟಿತನ ಬದಲಾಗುವುದು ಹೇಗೆ?

ಕಡಲೆಬೇಳೆಯಲ್ಲಿ ಹೆಚ್ಚಿನ ಭಾಗ ಪಿಷ್ಟ. ಸುಮಾರು ಐದನೆಯ ಒಂದು ಭಾಗ ಪ್ರೋಟೀನ್, ನೂರಕ್ಕೆ ಐದಾರು ಭಾಗ ಕೊಬ್ಬು. ಸಾರು ಅಥವಾ ಸಾಗನ್ನು ಗಟ್ಟಿ ಮಾಡುವ ಕೆಲಸ ಮುಖ್ಯವಾಗಿ ಪಿಷ್ಟದ್ದು. ಹಸಿ ಹಿಟ್ಟಿನಲ್ಲಿ ಪಿಷ್ಟವು ಬಿಗಿಯಾಗಿ ಕಟ್ಟಿಕೊಂಡ ಅತಿ ಸಣ್ಣ ಕಣಗಳ ರೂಪದಲ್ಲಿರುತ್ತದೆ. ಈ ಕಣಗಳು ತಣ್ಣೀರನ್ನು ಹೆಚ್ಚಾಗಿ ಹೀರುವುದಿಲ್ಲ. ನೀರಿನ ಬಿಸಿ ಸುಮಾರು 65 ರಿಂದ 70 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅವು ನೀರು ಹೀರಿ ಹಲವು ಪಟ್ಟು ಉಬ್ಬತೊಡಗುತ್ತವೆ. ಉಬ್ಬಿದ ಕಣಗಳು ಒಂದಕ್ಕೊಂದು ಒತ್ತಿಕೊಂಡು ನೀರಿಗೆ ಓಡಾಡಲು ಜಾಗ ಬಿಡುವುದಿಲ್ಲ. ಸಾಗು ಗಟ್ಟಿಯಾಯಿತು ಎಂದು ನಾವು ಹೇಳುವುದು ಈ ಸ್ಥಿತಿಗೆ. ಆದ್ದರಿಂದಲೇ ಹಸಿ ಕಡಲೆಹಿಟ್ಟು ಬೆರೆಸಿದ ಸಾಗು ಮೊದಲು ನೀರಾಗಿಯೇ ಇದ್ದು, ಕುದಿ ಬರುವ ಹೊತ್ತಿಗೆ ಇದ್ದಕ್ಕಿದ್ದಂತೆ ಮಂದವಾಗುತ್ತದೆ.

ಹುರಿಗಡಲೆಯಲ್ಲಿ ಈ ಉಬ್ಬುವ ಕೆಲಸದ ಒಂದು ಪಾಲು ಭಟ್ಟಿಯಲ್ಲಿಯೇ ಮುಗಿದಿರುತ್ತದೆ. ಕಣಗಳ ಬಿಗಿ ಸಡಿಲವಾಗಿರುತ್ತದೆ, ರಂಧ್ರಗಳೂ ಇರುತ್ತವೆ. ಆದ್ದರಿಂದ ಈ ಹಿಟ್ಟು ತಣ್ಣೀರನ್ನೂ ಬೇಗ ಹೀರಿಕೊಳ್ಳುತ್ತದೆ. ಹುರಿಗಡಲೆ ಹಾಕಿ ರುಬ್ಬಿದ ಚಟ್ನಿ ಒಲೆ ಕಾಣದೆಯೇ ಮಂದವಾಗುವುದಕ್ಕೂ, ಅರ್ಧ ಗಂಟೆ ಇಟ್ಟರೆ ಮತ್ತಷ್ಟು ಗಟ್ಟಿಯಾಗಿ ನೀರು ಬೇಡುವುದಕ್ಕೂ ಇದೇ ಕಾರಣ. ಆದರೆ ಇದಕ್ಕೊಂದು ಮಿತಿಯಿದೆ. ಒಮ್ಮೆ ಶಾಖ ಕಂಡು, ಮತ್ತೆ ಒಣಗಿ, ಬೀಸುವಾಗ ಒಡೆದ ಪಿಷ್ಟವು ಕುದಿಸಿದಾಗ ಹಸಿ ಪಿಷ್ಟದಷ್ಟು ಉಬ್ಬಲಾರದು. ಪ್ರೋಟೀನ್ ಕೂಡ ಹುರಿಯುವಾಗ ಗಡುಸಾಗಿ, ನೀರಿನಲ್ಲಿ ಕರಗುವ ಗುಣವನ್ನು ಬಹುಪಾಲು ಕಳೆದುಕೊಂಡಿರುತ್ತದೆ.

ಒಟ್ಟಿನಲ್ಲಿ ಹುರಿಗಡಲೆ ಹಿಟ್ಟು ತಣ್ಣಗಿರುವಾಗಲೇ ಸ್ವಲ್ಪ ಗಟ್ಟಿ ಮಾಡುತ್ತದೆ, ಕುದಿಸಿದರೆ ಹೆಚ್ಚೇನೂ ಸೇರಿಸುವುದಿಲ್ಲ. ಹಸಿ ಕಡಲೆಹಿಟ್ಟು ತಣ್ಣಗಿರುವಾಗ ಏನನ್ನೂ ಮಾಡುವುದಿಲ್ಲ, ಕುದಿಸಿದರೆ ಬಹಳ ಗಟ್ಟಿ ಮಾಡುತ್ತದೆ.

ರುಚಿ ಬದಲಾಗುವುದು ಹೇಗೆ?

ಹಸಿ ಕಡಲೆಹಿಟ್ಟಿನ ವಾಸನೆಯನ್ನು ನಾವು ‘ಹಸಿ ವಾಸನೆ’ ಎನ್ನುತ್ತೇವೆ. ಕಾಳಿನಲ್ಲಿರುವ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಇದಕ್ಕೆ ಮುಖ್ಯ ಕಾರಣ. ಇಡೀ ಕಾಳಿನಲ್ಲಿ ಈ ಕಿಣ್ವವೂ ಕೊಬ್ಬೂ ಬೇರೆ ಬೇರೆಯಾಗಿರುತ್ತವೆ. ಬೀಸಿದಾಗ ಅವು ಬೆರೆಯುತ್ತವೆ, ನೀರೂ ಗಾಳಿಯೂ ಸೇರಿದಾಗ ಕಿಣ್ವವು ಕೊಬ್ಬನ್ನು ಒಡೆದು ಹಸಿ ಸೊಪ್ಪನ್ನು ಹೋಲುವ ವಾಸನೆಯ ಅಂಶಗಳನ್ನು ಉಂಟುಮಾಡುತ್ತದೆ. ಕುದಿಸಿದರೆ ಕಿಣ್ವ ನಾಶವಾಗುತ್ತದೆ. ಆದರೆ ಅಷ್ಟರಲ್ಲಿ ಉಂಟಾದ ವಾಸನೆ ಆವಿಯೊಡನೆ ಹೊರಹೋಗಲು ಸಮಯ ಬೇಕು. ಸಾಗು ಗಟ್ಟಿಯಾದ ಕೂಡಲೇ ಒಲೆ ಆರಿಸಿದರೆ ಹಸಿ ವಾಸನೆ ಉಳಿಯುತ್ತದೆ. ಗಟ್ಟಿಯಾದ ಮೇಲೂ 7 ರಿಂದ 8 ನಿಮಿಷ ಸಣ್ಣ ಉರಿಯಲ್ಲಿ, ಮುಚ್ಚಳ ತೆರೆದು, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಬೇಕು.

ಹುರಿಯುವಾಗ ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಬೀಸುವ ಮೊದಲೇ ಕಿಣ್ವ ನಾಶವಾಗುವುದರಿಂದ ಹಸಿ ವಾಸನೆ ಹುಟ್ಟುವುದೇ ಇಲ್ಲ. ಜೊತೆಗೆ, ಕಾಳಿನ ಸಕ್ಕರೆ ಅಂಶ ಮತ್ತು ಪ್ರೋಟೀನಿನ ಅಂಶಗಳು ಹೆಚ್ಚಿನ ಶಾಖದಲ್ಲಿ ಸೇರಿ ಹೊಸ ಪರಿಮಳವನ್ನೂ ನಸುಗೆಂಪು ಬಣ್ಣವನ್ನೂ ಕೊಡುತ್ತವೆ. ರೊಟ್ಟಿಯ ಮೇಲಿನ ಕಂದು ಚುಕ್ಕೆಗಳಲ್ಲಿಯೂ ಹುರಿದ ಕಡಲೆಕಾಯಿಯಲ್ಲಿಯೂ ನಡೆಯುವುದು ಇದೇ ಕ್ರಿಯೆ. ನೀರಿನಲ್ಲಿ ಕುದಿಸುವಾಗ ಶಾಖ 100 ಡಿಗ್ರಿ ದಾಟದ ಕಾರಣ ಹಸಿ ಹಿಟ್ಟಿನ ಸಾಗಿಗೆ ಎಷ್ಟು ಕುದಿಸಿದರೂ ಹುರಿದ ಪರಿಮಳ ಬರುವುದಿಲ್ಲ. ಹುರಿಯುವುದು ಅತಿಯಾದರೆ ಇದೇ ಕ್ರಿಯೆ ಮುಂದುವರಿದು ಕಹಿಯಾಗುತ್ತದೆ. ಬೇಳೆಯ ಒಳಭಾಗದಲ್ಲೂ ಕಂದು ಬಣ್ಣ ಕಂಡರೆ ಅಂಥ ಹುರಿಗಡಲೆಯನ್ನು ಹಿಟ್ಟಿಗೆ ಬಳಸಬಾರದು.

ಬಾಣಲೆಯಲ್ಲಿ ಹುರಿದ ಕಡಲೆಹಿಟ್ಟು ಮೂರನೆಯ ಬಗೆ

‘ಕಡಲೆಹಿಟ್ಟನ್ನೇ ಬಾಣಲೆಯಲ್ಲಿ ಹುರಿದರೆ ಹುರಿಗಡಲೆ ಹಿಟ್ಟು ಆಗುವುದಿಲ್ಲವೇ?’ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಹಿಟ್ಟಿನಲ್ಲಿರುವ ತೇವಾಂಶ ಬಹಳ ಕಡಿಮೆ, ಅದೂ ಬಾಣಲೆಯಲ್ಲಿ ಬೇಗ ಆರಿಹೋಗುತ್ತದೆ. ಪಿಷ್ಟ ಉಬ್ಬಲು ಶಾಖದ ಜೊತೆಗೆ ನೀರೂ ಬೇಕು. ನೀರಿಲ್ಲದ ಕಾರಣ ಬಾಣಲೆಯ ಹಿಟ್ಟಿನಲ್ಲಿ ಪಿಷ್ಟ ಬೇಯುವುದಿಲ್ಲ. ಹಸಿ ವಾಸನೆ ಕಡಿಮೆಯಾಗಿ ಪರಿಮಳ ಮಾತ್ರ ಬರುತ್ತದೆ.

ಹೀಗಾಗಿ ಬಾಣಲೆಯಲ್ಲಿ ಹುರಿದ ಕಡಲೆಹಿಟ್ಟು ಪರಿಮಳದಲ್ಲಿ ಹುರಿಗಡಲೆ ಹಿಟ್ಟಿಗೆ ಹತ್ತಿರ, ವರ್ತನೆಯಲ್ಲಿ ಹಸಿ ಹಿಟ್ಟಿಗೆ ಹತ್ತಿರ. ತಣ್ಣೀರಿಗೆ ಹಾಕಿದರೆ ತಳ ಸೇರುತ್ತದೆ, ಕುದಿಸಿದರೆ ಗಟ್ಟಿಯಾಗುತ್ತದೆ. ಸಣ್ಣ ಉರಿಯಲ್ಲಿ 5–6 ನಿಮಿಷ, ಬಣ್ಣ ತಿರುಗದೆ ಪರಿಮಳ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿದರೆ ಗಟ್ಟಿ ಮಾಡುವ ಶಕ್ತಿ ಹೆಚ್ಚು ಕುಂದುವುದಿಲ್ಲ. ಕಂದು ಬಣ್ಣ ಬರುವವರೆಗೆ ಹುರಿದರೆ ಪಿಷ್ಟದ ಉದ್ದನೆಯ ಎಳೆಗಳು ತುಂಡಾಗುತ್ತವೆ. ಆಗ ಅಷ್ಟೇ ಹಿಟ್ಟು ಹಾಕಿದರೂ ಸಾಗು ತೆಳ್ಳಗಾಗುತ್ತದೆ.

ಮೂರು ಲೋಟಗಳ ಪರೀಕ್ಷೆ

ನಿಮ್ಮ ಬಳಿ ಇರುವ ಹಿಟ್ಟಿನ ಗುಣವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಗಾಜಿನ ಲೋಟಗಳಲ್ಲಿ ತಲಾ 200 ಮಿ.ಲೀ. ತಣ್ಣೀರು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಹಸಿ ಕಡಲೆಹಿಟ್ಟು, ಎರಡನೆಯದಕ್ಕೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಕಡಲೆಹಿಟ್ಟು, ಮೂರನೆಯದಕ್ಕೆ ಹುರಿಗಡಲೆ ಹಿಟ್ಟು, ತಲಾ 10 ಗ್ರಾಂ ತೂಗಿ ಹಾಕಿ ಗಂಟಿಲ್ಲದಂತೆ ಕಲಸಿ. ಹಿಟ್ಟುಗಳನ್ನು ಒಂದೇ ಜರಡಿಯಲ್ಲಿ ಶೋಧಿಸಿರಬೇಕು. ಇಲ್ಲವಾದರೆ ತರಿಯ ವ್ಯತ್ಯಾಸವೇ ಫಲಿತಾಂಶವನ್ನು ಬದಲಿಸುತ್ತದೆ.

ಹದಿನೈದು ನಿಮಿಷ ಬಿಟ್ಟು ನೋಡಿದರೆ ಮೊದಲೆರಡು ಲೋಟಗಳಲ್ಲಿ ಹಿಟ್ಟು ತಳದಲ್ಲಿ ತೆಳುವಾದ, ಬಿಗಿಯಾದ ಪದರವಾಗಿ ಕುಳಿತಿರುತ್ತದೆ. ಮೂರನೆಯದರಲ್ಲಿ ತಳದ ಪದರ ಹೆಚ್ಚು ದಪ್ಪವಾಗಿಯೂ ಮೆದುವಾಗಿಯೂ ಇರುತ್ತದೆ, ಏಕೆಂದರೆ ಅದರ ಕಣಗಳು ನೀರು ಹೀರಿವೆ. ಅನಂತರ ಪ್ರತಿಯೊಂದನ್ನೂ ಚೆನ್ನಾಗಿ ಕದಡಿ, ಬೇರೆ ಬೇರೆಯಾಗಿ 8 ನಿಮಿಷ ಕುದಿಸಿ. ಆವಿಯಾಗಿ ಹೋದ ನೀರಿನಷ್ಟು ಬಿಸಿನೀರನ್ನು ಮತ್ತೆ ಸೇರಿಸಿ 200 ಮಿ.ಲೀ.ಗೆ ತನ್ನಿ. ಚಮಚವನ್ನು ಅದ್ದಿ ಎತ್ತಿ, ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆಯಿರಿ. ಹಸಿ ಹಿಟ್ಟಿನದರಲ್ಲಿ ಗೆರೆ ಸ್ಪಷ್ಟವಾಗಿ ನಿಲ್ಲುತ್ತದೆ. ಹುರಿಗಡಲೆಯದರಲ್ಲಿ ಗೆರೆ ಬೇಗ ಮುಚ್ಚಿಕೊಳ್ಳುತ್ತದೆ. ಹುರಿಗಡಲೆಯ ಪ್ರತಿ ಹೊಸ ಚೀಲಕ್ಕೂ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಭಟ್ಟಿಯಿಂದ ಭಟ್ಟಿಗೆ ತೇವವೂ ಶಾಖವೂ ಬದಲಾಗುವುದರಿಂದ ಒಂದು ಚೀಲದ ಹಿಟ್ಟು ಮತ್ತೊಂದರಂತೆ ಇರಬೇಕೆಂದಿಲ್ಲ.

ಸಾಗು ಪುಡಿ: ಒಂದು ಲೆಕ್ಕ

ಒಂದು ಸ್ವಸಹಾಯ ಸಂಘವು ಪೂರಿಯೊಡನೆ ಬಡಿಸುವ ಸಾಗಿಗೆ ಸಿದ್ಧ ಪುಡಿ ತಯಾರಿಸುತ್ತಿದೆ ಎಂದಿಟ್ಟುಕೊಳ್ಳೋಣ. ಒಂದು ಪೊಟ್ಟಣದಿಂದ 1 ಲೀಟರ್ ಸಾಗು ಆಗಬೇಕು. ಹಸಿ ಕಡಲೆಹಿಟ್ಟಿನಿಂದ ಈ ಪ್ರಮಾಣಕ್ಕೆ ಸುಮಾರು 30 ಗ್ರಾಂ ಸಾಕಾಗುತ್ತದೆ.

ಮೊದಲ ತಂಡದಲ್ಲಿ 30 ಗ್ರಾಂ ಹಸಿ ಕಡಲೆಹಿಟ್ಟು ಹಾಕಿ, ಪೊಟ್ಟಣದ ಮೇಲೆ ‘ಕುದಿಯುವ ನೀರಿಗೆ ಹಾಕಿ 2 ನಿಮಿಷ ಬೇಯಿಸಿ’ ಎಂದು ಬರೆದರೆ ಎರಡು ದೂರುಗಳು ಬರುತ್ತವೆ. ಒಂದು, ಗಂಟುಗಳು. ಪುಡಿಯು ನೇರವಾಗಿ ಕುದಿನೀರಿಗೆ ಬಿದ್ದಾಗ ಪ್ರತಿ ಉಂಡೆಯ ಹೊರಭಾಗ ತಕ್ಷಣ ಬೆಂದು ಅಂಟಿನ ಕವಚವಾಗುತ್ತದೆ, ಒಳಗೆ ಒಣ ಹಿಟ್ಟು ಹಾಗೆಯೇ ಉಳಿಯುತ್ತದೆ. ಎರಡು, ಹಸಿ ವಾಸನೆ. ಎರಡು ನಿಮಿಷ ಅದು ಹೋಗಲು ಸಾಲದು.

ದೂರು ಕೇಳಿ ಸಂಘವು ಎರಡನೆಯ ತಂಡದಲ್ಲಿ 30 ಗ್ರಾಂ ಹುರಿಗಡಲೆ ಹಿಟ್ಟನ್ನು ಹಾಕಿದರೆ ವಾಸನೆಯೂ ಗಂಟೂ ಹೋಗುತ್ತವೆ. ಆದರೆ ಸಾಗು ನೀರಾಗುತ್ತದೆ, ಬಡಿಸುವ ಹೊತ್ತಿಗೆ ಹಿಟ್ಟು ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ಅದೇ ಗಟ್ಟಿತನ ಬೇಕಾದರೆ ಸುಮಾರು 50 ಗ್ರಾಂ ಬೇಕಾಗುತ್ತದೆ. ಅಷ್ಟು ಹಾಕಿದರೆ ಗಟ್ಟಿಯಾಗುತ್ತದೆ ನಿಜ, ಆದರೆ ಹುರಿಗಡಲೆಯ ರುಚಿ ಮುಂದಾಗಿ ಸಾಗು ಚಟ್ನಿಯಂತಾಗುತ್ತದೆ, ನಾಲಗೆಗೆ ತರಿಯೂ ತಗಲುತ್ತದೆ.

ಇಲ್ಲಿ ಎರಡನ್ನೂ ಅರ್ಧರ್ಧ ಬಳಸುವುದು ಸೂಕ್ತ. ಗಟ್ಟಿತನದ ಅರ್ಧ ಪಾಲಿಗೆ 15 ಗ್ರಾಂ ಕಡಲೆಹಿಟ್ಟನ್ನು ಬಾಣಲೆಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ ಹಾಕಿ. ಉಳಿದ ಅರ್ಧ ಪಾಲಿಗೆ 25 ಗ್ರಾಂ ಹುರಿಗಡಲೆ ಹಿಟ್ಟು ಹಾಕಿ. ಪೊಟ್ಟಣದ ಸೂಚನೆಯನ್ನು ಹೀಗೆ ತಿದ್ದಿ: ‘ಪುಡಿಯನ್ನು ಮೊದಲು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬೆಂದ ತರಕಾರಿಗೆ ಬೆರೆಸಿ, ಕೈಯಾಡಿಸುತ್ತ ಸಣ್ಣ ಉರಿಯಲ್ಲಿ 7–8 ನಿಮಿಷ ಕುದಿಸಿ.’ ಕಡಲೆಹಿಟ್ಟು ಸಾಗನ್ನು ಹಿಡಿದಿಡುವುದರಿಂದ ತಿಳಿ ಬೇರ್ಪಡುವುದಿಲ್ಲ. ಹುರಿಗಡಲೆ ಪರಿಮಳ ಕೊಡುತ್ತದೆ.

ಈ ಪ್ರಮಾಣಗಳು ಆರಂಭಕ್ಕೆ ಮಾತ್ರ. ಆಲೂಗಡ್ಡೆ ಹೆಚ್ಚಿರುವ ಸಾಗಿಗೆ ಹಿಟ್ಟು ಕಡಿಮೆ ಸಾಕು, ಏಕೆಂದರೆ ಆಲೂಗಡ್ಡೆಯ ಪಿಷ್ಟವೂ ಗಟ್ಟಿ ಮಾಡುತ್ತದೆ. ನಿಮ್ಮ ಹಿಟ್ಟಿನಲ್ಲಿ 200 ಮಿ.ಲೀ. ಅಳತೆಯ ಸಾಗು ಮಾಡಿ ನೋಡಿ ಹದ ನಿರ್ಧರಿಸಿದ ಬಳಿಕವೇ ದೊಡ್ಡ ತಂಡಕ್ಕೆ ಕೈಹಾಕಿ. ಹದ ನೋಡುವಾಗ ಎರಡು ಸಂಗತಿಗಳನ್ನು ನೆನಪಿಡಿ. ಕಡಲೆಹಿಟ್ಟಿನ ಸಾಗು ಆರಿದಂತೆ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಬೇಕಾದ ಹದಕ್ಕಿಂತ ತುಸು ತೆಳ್ಳಗಿರುವಾಗಲೇ ಒಲೆ ಆರಿಸಬೇಕು. ಹುಳಿಯೊಡನೆ ಬಹಳ ಹೊತ್ತು ಕುದಿಸಿದರೆ ಪಿಷ್ಟ ಒಡೆದು ಸಾಗು ಮತ್ತೆ ತೆಳ್ಳಗಾಗುತ್ತದೆ. ಆದ್ದರಿಂದ ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು.

ಬಜ್ಜಿಗೆ ಹಸಿ ಹಿಟ್ಟು, ನಿಪ್ಪಟ್ಟಿಗೆ ಹುರಿಗಡಲೆ

ಬಜ್ಜಿ ಮತ್ತು ಬೋಂಡಾಗಳಿಗೆ ಹಸಿ ಕಡಲೆಹಿಟ್ಟನ್ನೇ ಬಳಸುವುದಕ್ಕೂ, ನಿಪ್ಪಟ್ಟು ಮತ್ತು ಕೋಡುಬಳೆಗೆ ಹುರಿಗಡಲೆ ಹಿಟ್ಟನ್ನು ಬೆರೆಸುವುದಕ್ಕೂ ಕಾರಣ ಈಗ ಸ್ಪಷ್ಟವಾಗುತ್ತದೆ. ಬಜ್ಜಿಯ ಹಿಟ್ಟು ಮೆಣಸಿನಕಾಯಿಗೆ ಅಂಟಿ, ಎಣ್ಣೆಗೆ ಬಿದ್ದ ಕೂಡಲೇ ಕವಚವಾಗಿ ಗಟ್ಟಿಯಾಗಬೇಕು. ಹಸಿ ಹಿಟ್ಟಿನಲ್ಲಿ ನೀರಿನಲ್ಲಿ ಕರಗಿದ ಪ್ರೋಟೀನ್ ಮತ್ತು ಆಗತಾನೆ ಉಬ್ಬುವ ಪಿಷ್ಟ ಈ ಕೆಲಸ ಮಾಡುತ್ತವೆ. ಹುರಿಗಡಲೆಯಲ್ಲಿ ಇವೆರಡೂ ತಮ್ಮ ಶಕ್ತಿಯನ್ನು ಭಟ್ಟಿಯಲ್ಲಿಯೇ ಕಳೆದುಕೊಂಡಿರುವುದರಿಂದ ಕವಚ ಬಿರಿದು ಎಣ್ಣೆಯಲ್ಲಿ ಉದುರುತ್ತದೆ.

ನಿಪ್ಪಟ್ಟಿನಲ್ಲಿ ನಮಗೆ ಬೇಕಾಗುವುದು ಈ ದೌರ್ಬಲ್ಯವೇ. ಅಕ್ಕಿ ಹಿಟ್ಟು ಮಾತ್ರವಾದರೆ ನಿಪ್ಪಟ್ಟು ಗಡುಸಾಗುತ್ತದೆ. ನಡುವೆ ಸೇರಿದ ಹುರಿಗಡಲೆ ಹಿಟ್ಟು ಅಂಟಿಕೊಳ್ಳದೆ ಉಳಿದು ಬಿಗಿಯನ್ನು ಮುರಿಯುತ್ತದೆ, ಆದ್ದರಿಂದ ನಿಪ್ಪಟ್ಟು ಗರಿಗರಿಯಾಗಿ ಬಾಯಲ್ಲಿ ಪುಡಿಯಾಗುತ್ತದೆ. ಹುರಿಗಡಲೆ ಮಿತಿಮೀರಿದರೆ ತಟ್ಟುವಾಗ ಅಂಚು ಬಿರಿಯುತ್ತದೆ. ಅಂಚಿನಲ್ಲಿ ಬಿರುಕು ಕಂಡರೆ ನೀರು ಹೆಚ್ಚಿಸುವ ಬದಲು ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ. ನೀರು ಹೆಚ್ಚಿದರೆ ನಿಪ್ಪಟ್ಟು ಎಣ್ಣೆ ಕುಡಿಯುತ್ತದೆ.

ಬೀಸುವಾಗ ಮತ್ತು ದಾಸ್ತಾನಿಡುವಾಗ

ಹಸಿ ಕಡಲೆಹಿಟ್ಟಿನಲ್ಲಿ ಕಿಣ್ವಗಳು ಜೀವಂತವಾಗಿರುವುದರಿಂದ, ತೇವ ತಗುಲಿದರೆ ಅದು ಬೇಗ ಕಮಟಾಗಿ ಕಹಿಯಾಗುತ್ತದೆ. ಬೇಳೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೇಕಾದಷ್ಟನ್ನೇ ಬೀಸಿಸಿ, ಮಿಲ್ಲಿನಿಂದ ತಂದ ಹಿಟ್ಟನ್ನು ಹರಡಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಾಗಿರುವಾಗಲೇ ತುಂಬಿದರೆ ಒಳಗೆ ಬೆವರು ಕಟ್ಟಿ ಹಿಟ್ಟು ಗಂಟಾಗುತ್ತದೆ. ಹುರಿಗಡಲೆಯಲ್ಲಿ ಕಿಣ್ವಗಳ ತೊಂದರೆ ಕಡಿಮೆ. ಆದರೆ ರಂಧ್ರಗಳ ಮೂಲಕ ಅದು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಮೆತ್ತಗಾದ ಹುರಿಗಡಲೆ ಮಿಕ್ಸಿಯಲ್ಲಿ ಪುಡಿಯಾಗದೆ ಮುದ್ದೆಗಟ್ಟುತ್ತದೆ. ಅಂಥದ್ದನ್ನು ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಬೆಚ್ಚಗೆ ಮಾಡಿ, ಆರಿಸಿ ಪುಡಿ ಮಾಡಬೇಕು.

ಮಾರಾಟದ ಪೊಟ್ಟಣದ ಮೇಲೆ ‘ಕಡಲೆಹಿಟ್ಟು’ ಎಂದೂ ‘ಹುರಿಗಡಲೆ ಹಿಟ್ಟು’ ಎಂದೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ನಮೂದಿಸಿ. ಕೊಂಡವರು ಒಂದನ್ನು ಇನ್ನೊಂದೆಂದು ತಿಳಿದು ಅಡುಗೆ ಮಾಡಿದರೆ ದೂರು ಬರುವುದು ನಿಮ್ಮ ಹಿಟ್ಟಿನ ಮೇಲೆಯೇ. ಹದ ಹೊಂದಿಸುವಲ್ಲಿ ತೊಂದರೆ ಎದುರಾದರೆ ಮೂರು ಲೋಟಗಳ ಪರೀಕ್ಷೆಯ ಫಲಿತಾಂಶವನ್ನೂ, ಬಳಸಿದ ತೂಕ ಮತ್ತು ಕುದಿಸಿದ ಸಮಯವನ್ನೂ ಬರೆದಿಟ್ಟುಕೊಂಡು, ಹಿಟ್ಟಿನ ಮಾದರಿಯೊಂದಿಗೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಭೇಟಿ ಮಾಡಿ. ಈ ಮೂರು ವಿವರಗಳಿದ್ದರೆ ತೊಂದರೆಯು ಹುರಿಯುವುದರಲ್ಲಿದೆಯೋ, ಬೀಸುವುದರಲ್ಲಿದೆಯೋ, ಕುದಿಸುವುದರಲ್ಲಿದೆಯೋ ಎಂದು ಗುರುತಿಸುವುದು ಸುಲಭವಾಗುತ್ತದೆ.